25 ರೂಪಾಯಿ ಪಾರ್ಸೆಲ್ ಶುಲ್ಕ, ನಾನು ಎರಡು ಸಲ ಬರೆದ ಇಮೇಲ್

ನಾನು ಬ್ಯಾಂಕಿನ ಕಾರ್ಡ್ ದೂರು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬಡಾವಣೆಯ ಸಂಘದಲ್ಲೂ ಇದ್ದೇನೆ. ಇಲ್ಲಿ ತುಂಬಾ ಮನೆಗಳಲ್ಲಿ ವಯಸ್ಸಾದವರು ಮಾತ್ರ ಇದ್ದಾರೆ, ಮಕ್ಕಳೆಲ್ಲ ಹೊರದೇಶದಲ್ಲಿ. ಅಂಚೆ ಇಲಾಖೆಯ ಹೆಸರಲ್ಲಿ "ವಿಳಾಸ ಸರಿಯಿಲ್ಲ, ಪಾರ್ಸೆಲ್ ವಾಪಸ್ ಹೋಗುತ್ತದೆ" ಎನ್ನುವ ಸುಳ್ಳು ಮೆಸೇಜ್ ಓಡಾಡುತ್ತಿದ್ದಾಗ ಎಲ್ಲರಿಗೂ ಇಮೇಲ್ ಕಳಿಸಿದೆ. ಅನುಮಾನ ಬಂದ ಲಿಂಕ್ ಒತ್ತಬೇಡಿ, ಓಟಿಪಿ ಯಾರಿಗೂ ಹೇಳಬೇಡಿ, ಅಷ್ಟೇ ಬರೆದಿದ್ದೆ.

ಹತ್ತು ದಿನ ಆಗಿರಲಿಲ್ಲ, ಎದುರು ಮನೆಯ ಮೇಷ್ಟ್ರು ಸಂಜೆ ಫೋನ್ ಹಿಡಿದುಕೊಂಡು ಬಂದರು. "ನಿನ್ನ ಇಮೇಲ್ ಓದಿದ್ದೆ ಕಣಮ್ಮ. ಆದರೆ ಮಗಳು ನಿಜವಾಗಲೂ ಪಾರ್ಸೆಲ್ ಕಳಿಸಿದ್ದಳು, ಅನುಮಾನ ಯಾಕೆ ಬರುತ್ತೆ? ಓಟಿಪಿನೂ ಯಾರಿಗೂ ಹೇಳಲಿಲ್ಲ. ಅಲ್ಲಿ ಹಾಕಿದೆ, ಅಷ್ಟೆ."

ಅವರು ಹೇಳಿದ್ದು ಸರಿ. ತಪ್ಪು ನನ್ನ ಇಮೇಲ್‌ನಲ್ಲಿತ್ತು.

ಆಗಿದ್ದು ಹೀಗೆ. ಮಧ್ಯಾಹ್ನ ಲಿಂಕ್ ಒತ್ತಿದಾಗ ಅಂಚೆಯ ಚಿಹ್ನೆ ಇರುವ ಪುಟ ಬಂತು, 25 ರೂಪಾಯಿ ಕಟ್ಟಿ ಅಂದಿತು. ಮೇಷ್ಟ್ರು ಕಾರ್ಡ್ ನಂಬರ್, ಹಿಂದಿನ ಮೂರು ಅಂಕಿ ಎಲ್ಲ ತುಂಬಿದರು. ಅದೇ ಹೊತ್ತಿಗೆ ಕಳ್ಳ ಅದೇ ವಿವರವನ್ನು ಒಂದು ಆನ್‌ಲೈನ್ ಅಂಗಡಿಯಲ್ಲಿ 18,400 ರೂಪಾಯಿಗೆ ಹಾಕಿದ. ಓಟಿಪಿ ಬಂದಿದ್ದು ಆ ಖರೀದಿಗೆ. ಬ್ಯಾಂಕ್ ಕಳಿಸಿದ ಮೆಸೇಜ್‌ನಲ್ಲಿ ಮೊತ್ತ, ಅಂಗಡಿ ಹೆಸರು ಎರಡೂ ಇದ್ದವು, ಆದರೆ ಫೋನ್ ಆರು ಅಂಕಿಯನ್ನಷ್ಟೇ ಮೇಲೆ ತೋರಿಸಿತು, ಮೇಷ್ಟ್ರು ಅದನ್ನೇ ನೋಡಿ ಹಾಕಿಬಿಟ್ಟರು. ಪುಟ "ತಪ್ಪು ಓಟಿಪಿ, ಮತ್ತೆ ಹಾಕಿ" ಅಂದಿತು. ಇನ್ನೊಂದು ಬಂತು, ಅದನ್ನೂ ಹಾಕಿದರು. ಅದು ಎರಡನೇ ಖರೀದಿ.

ತಕ್ಷಣ ಕಾರ್ಡ್ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಒಂದು ಆರ್ಡರ್ ಇನ್ನೂ ಅಂಗಡಿಯಿಂದ ಹೊರಟಿರಲಿಲ್ಲ, ಆ ಹಣ ವಾಪಸ್ ಬಂತು. ಇನ್ನೊಂದು ಹೋಯಿತು. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರೇ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಅವರದ್ದೇ, ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದ್ದು. ಮಧ್ಯಾಹ್ನವೇ ಹೇಳಿದ್ದರೆ ಅಂತ ಈಗಲೂ ಸಂಕಟ ಆಗುತ್ತದೆ.

ಎರಡನೇ ಇಮೇಲ್‌ನಲ್ಲಿ ವಿಳಾಸದ ಅಕ್ಷರ ನೋಡಿ ಅಂತ ಬರೆಯಲಿಲ್ಲ. ಸುಳ್ಳು ವಿಳಾಸದಲ್ಲೂ indiapost ಎಂಬ ಪದ ಇರಬಹುದು, ಚಿಕ್ಕ ಪರದೆಯಲ್ಲಿ ವ್ಯತ್ಯಾಸ ಕಾಣಬೇಕಲ್ವಾ? ಹೀಗೆ ಬರೆದೆ:

"ಪಾರ್ಸೆಲ್ ಬರುವುದಿದ್ದರೂ ಮೆಸೇಜ್‌ನ ಲಿಂಕ್ ಒತ್ತಬೇಡಿ. ಮಕ್ಕಳು ಕೊಟ್ಟ ಟ್ರ್ಯಾಕಿಂಗ್ ನಂಬರನ್ನು indiapost.gov.in ನಲ್ಲಿ ನೀವೇ ಹಾಕಿ ನೋಡಿ. ಓಟಿಪಿ ಬಂದರೆ ಮೆಸೇಜ್ ಪೂರ್ತಿ ತೆರೆದು ಮೊತ್ತ ಗಟ್ಟಿಯಾಗಿ ಓದಿ. ಪುಟದಲ್ಲಿ 25, ಮೆಸೇಜ್‌ನಲ್ಲಿ ಬೇರೆ ಮೊತ್ತ ಇದ್ದರೆ ಹಾಕಬೇಡಿ. ಹಾಕಿಬಿಟ್ಟಿದ್ದರೆ ಕಾರ್ಡಿನ ಹಿಂದಿರುವ ನಂಬರಿಗೆ, ಆಮೇಲೆ 1930ಕ್ಕೆ ಆಗಲೇ ಫೋನ್ ಮಾಡಿ. ನನ್ನ ಮನೆ ಬಾಗಿಲನ್ನೂ ತಟ್ಟಿ, ರಾತ್ರಿಯಾದರೂ ಸರಿ."

ಇಮೇಲ್ ನೋಡದವರಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಮನೆಮನೆಗೆ ಕೊಟ್ಟೆವು. ಹಂಚಲು ಮೇಷ್ಟ್ರು ನನ್ನ ಜೊತೆ ಬಂದಿದ್ದರು.