ಆರು ಶುಕ್ರವಾರ, ನಾಲ್ಕೂವರೆ ಗಂಟೆ

21 ಜೂನ್ 2025, ಶನಿವಾರ

ನಿನ್ನೆ ಮುಗೀತು. ಮೊದಲ ಸಲ ಮೆಂಟರ್ ಆಗಿದ್ದು. ಏಪ್ರಿಲ್ 11ರಿಂದ ವಾರ ಬಿಟ್ಟು ವಾರ ಶುಕ್ರವಾರ ಸಂಜೆ 4ಕ್ಕೆ, ಒಂದೊಂದು ಸಲ 45 ನಿಮಿಷ, ಒಟ್ಟು ಆರು ಸಲ. ಲೆಕ್ಕ ಹಾಕಿದ್ರೆ ನಾಲ್ಕೂವರೆ ಗಂಟೆ ಅಷ್ಟೇ, ಆದ್ರೆ ನನಗೆ ಇದು ವರ್ಷದ ಕೆಲಸದಷ್ಟು ಅನ್ನಿಸ್ತು, ಅದಕ್ಕೇ ಮರೆಯೋ ಮುಂಚೆ ನೋಟ್‌ಬುಕ್ ಎದುರಿಗಿಟ್ಕೊಂಡು ಬರೀತಿದೀನಿ.

ಹುಡುಗ ಹಾವೇರಿ ಕಡೆಯವನು, 24 ವರ್ಷ, ನಮ್ಮ ಆಫೀಸಲ್ಲೇ ಬೇರೆ ಟೀಮು, ಎರಡು ವರ್ಷದಿಂದ ಪ್ರೊಡಕ್ಷನ್ ಸಪೋರ್ಟ್. ಕಸ್ಟಮರ್ ಕಂಪ್ಲೇಂಟ್ ಟಿಕೆಟ್ ಬಂದ್ರೆ ನೋಡಿ ಉತ್ತರ ಕೊಡೋದು, ಆಗದಿದ್ರೆ ಡೆವಲಪರ್‌ಗೆ ದಾಟಿಸೋದು. ಅವನಿಗೆ ಡೆವಲಪ್‌ಮೆಂಟಿಗೆ ಹೋಗ್ಬೇಕು. ಮೊದಲ ಭೇಟಿಗೆ ಮುಂಚೆ "ಏನು ಮಾತಾಡೋಣ ಅಂತ ಬರೆದು ಕಳ್ಸು" ಅಂದಿದ್ದಕ್ಕೆ ಬಂದ ಪಟ್ಟಿ ನೋಡಿ ತಲೆ ಗಿರ್ ಅಂತು: ಜಾವಾ, ಸಿಸ್ಟಮ್ ಡಿಸೈನ್, ಇಂಗ್ಲಿಷ್ ಮಾತಾಡೋದು, ಮ್ಯಾನೇಜರ್ ಜೊತೆ ಕಿರಿಕಿರಿ, ಸಂಬಳ, ಎಂ.ಟೆಕ್ ಮಾಡ್ಲಾ ಬೇಡ್ವಾ, ಕೊನೇಲಿ "ಕಾನ್ಫಿಡೆನ್ಸ್". ನಾಲ್ಕೂವರೆ ಗಂಟೇಲಿ!

ಹಾಗಾಗಿ ಮೊದಲ ಭೇಟಿ ಪೂರ್ತಿ ಒಂದೇ ಪ್ರಶ್ನೆ ಮೇಲೆ ಹೋಯ್ತು. ಜೂನ್ 20ಕ್ಕೆ ನಿನ್ನ ಕೈಯಲ್ಲಿ ಏನಿದ್ರೆ ಸಾಕು ಅನ್ಸುತ್ತೆ? ಅವನು ತಕ್ಷಣ "ಡೆವಲಪರ್ ಆಗಿರ್ಬೇಕ್ರಿ ಮೇಡಂ" ಅಂದ. ಅದು ಅವನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ, ಆ ಟೀಮಲ್ಲಿ ಜಾಗ ಖಾಲಿ ಆಗ್ಬೇಕು, ಬಜೆಟ್ ಬರ್ಬೇಕು. ಅವನ ಕೈಲಿರೋದು ಯಾವುದು ಅಂತ ಎಳೆದು ಎಳೆದು ಕೊನೆಗೆ ಎರಡಕ್ಕೆ ಬಂದು ನಿಂತ್ವಿ. ಒಂದು, ತಾನು ಸಪೋರ್ಟ್ ಮಾಡೋ ಪ್ರಾಡಕ್ಟಲ್ಲೇ ಒಂದು ಸಣ್ಣ ಬಗ್ ತಾನೇ ಸರಿಮಾಡಿ, ರಿವ್ಯೂ ಕಾಮೆಂಟುಗಳಿಗೆ ತಾನೇ ಉತ್ತರ ಕೊಟ್ಟು, ಅದು ಮರ್ಜ್ ಆಗಿ ಮುಖ್ಯ ಕೋಡಿಗೆ ಸೇರಿರ್ಬೇಕು. ಎರಡು, ಟೀಮ್ ಬದಲಾಯಿಸೋ ವಿಷಯ ತನ್ನ ಮ್ಯಾನೇಜರ್ ಹತ್ರ ತಾನೇ ಎತ್ತಿರ್ಬೇಕು.

ಮಾಡಲ್ಲ ಅನ್ನೋದನ್ನೂ ಅವತ್ತೇ ಹೇಳ್ದೆ, ಅದು ಸ್ವಲ್ಪ ಕಷ್ಟ ಆಯ್ತು, ಯಾಕಂದ್ರೆ ಇಲ್ಲ ಅನ್ನೋದು ನನಗೆ ಬರಲ್ಲ. ನಿನ್ನ ಅಪ್ರೈಸಲ್‌ಗೂ ನನಗೂ ಸಂಬಂಧ ಇಲ್ಲ, ನಿನ್ನ ಪರವಾಗಿ ಯಾರ ಹತ್ರನೂ ಮಾತಾಡಲ್ಲ, ನಿನ್ನ ಕೋಡ್ ರಿವ್ಯೂ ನಾನು ಮಾಡಲ್ಲ. ಕೊನೇದು ಬೇಕಂತಲೇ ಹೇಳಿದ್ದು, ನಾನು ಮಾಡ್ಬಿಟ್ರೆ ಅವನು ಆ ಡೆವಲಪರ್‌ಗಳ ಮುಖ ನೋಡೋ ಸಂದರ್ಭನೇ ಬರಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಯಾರಿಗಾದ್ರೂ ಅಪಾಯ ಆಗೋ ವಿಷಯ ಬಂದ್ರೆ ಮಾತ್ರ ಬೇರೆ. ಎರಡನೇ ಭೇಟಿ ಆದ್ಮೇಲೆ ಇಬ್ಬರಲ್ಲಿ ಯಾರಿಗೆ ಬೇಡ ಅನ್ಸಿದ್ರೂ ಕಾರಣ ಕೊಡದೆ ನಿಲ್ಲಿಸ್ಬಹುದು. ಪ್ರತಿ ಭೇಟಿಯ ಹಿಂದಿನ ದಿನ, ಗುರುವಾರ ಸಂಜೆ, ಅವನೇ ಎರಡು ಸಾಲು ಕಳಿಸ್ಬೇಕು, ನಾಳೆ ಏನು ಮಾತಾಡ್ಬೇಕು ಅಂತ. ಇದನ್ನೆಲ್ಲ ಬರೆದು ಅರ್ಧ ಪುಟದ ಮೇಲ್ ಮಾಡ್ದೆ. ನನ್ನ ಹೆಸರು ಹಿಡಿದು ಕರಿ ಅಂತಾನೂ ಬರೆದಿದ್ದೆ, ಅದೊಂದು ಮಾತ್ರ ಕೊನೇವರೆಗೂ ನಡೀಲಿಲ್ಲ.

ಇಷ್ಟು ಚೆನ್ನಾಗಿ ಬೇಲಿ ಹಾಕಿ ಎರಡನೇ ಭೇಟೀಲಿ ನಾನೇ ಹಾರಿದೆ.

ಏಪ್ರಿಲ್ 25. ಗುರುವಾರ ಅವನು ಬರೆದಿದ್ದು "ಕೋಡ್ ಓದಾಕ್ ಶುರು ಮಾಡೂದು ಹೆಂಗ" ಅಂತ. ನಾನು ಶುರು ಮಾಡ್ದೆ ನೋಡಿ, ನಾನು ಹೆಂಗೆ ಕಲಿತೆ, ಯಾವ ಕೋರ್ಸು, ಯಾವ ವಿಡಿಯೋ, ಮೊದಲು ಕಲೆಕ್ಷನ್ಸ್ ಗಟ್ಟಿ ಮಾಡ್ಕೋ, ಆಮೇಲೆ ಸ್ಪ್ರಿಂಗ್, ದಿನಾ ಒಂದು ಗಂಟೆ, ಹಿಂಗೆ 35 ನಿಮಿಷ. ಅವನು ತಲೆ ಎತ್ತದೆ ಬರ್ಕೊಂಡ. ಮಧ್ಯೆ ಮಧ್ಯೆ "ಓಕೆ ಮೇಡಂ". ಹೊರಗೆ ಬಂದಾಗ ನನಗೆ ಎಂಥಾ ಖುಷಿ, ಎಷ್ಟೊಂದು ಕೊಟ್ಟೆ ಅಂತ. ಮೇ 9ಕ್ಕೆ ಅವನು ಬಂದ, ಆ ಪಟ್ಟೀಲಿ ಒಂದೂ ಮುಟ್ಟಿರ್ಲಿಲ್ಲ, ಅದರ ಸುದ್ದೀನೂ ಎತ್ತಲಿಲ್ಲ, ಕಣ್ಣು ತಪ್ಪಿಸ್ತಿದ್ದ. ಅವಾಗ ಗೊತ್ತಾಯ್ತು. ಎದುರಿಗಿರೋರು ಒಂದೂ ತಕರಾರು ತೆಗೀದೆ ಬರೀ ಬರ್ಕೊಳ್ತಿದ್ರೆ, ಮುಂದಿನ ಸಲ ಆ ಮಾತೇ ಎತ್ತದಿದ್ರೆ, ಅವರ ಸಮಸ್ಯೆಗಲ್ಲ ನಮ್ಮ ಸಮಸ್ಯೆಗೆ ಉತ್ತರ ಹೇಳಿದೀವಿ ಅಂತ ಲೆಕ್ಕ.

ಅವತ್ತು ಪಟ್ಟಿ ಬಗ್ಗೆ ಕೇಳಲಿಲ್ಲ. "ಆ ಪ್ರಾಜೆಕ್ಟ್ ಕೋಡ್ ಕೊನೇ ಸಲ ತೆಗೆದಾಗ ಎಲ್ಲಿ ನಿಂತೆ?" ಅಂತ ಮಾತ್ರ ಕೇಳಿ ಸುಮ್ನಾದೆ. ಟೀಚರ್ ಆಗಿರೋ ನಮ್ಮಕ್ಕ ಯಾವಾಗ್ಲೋ ಹೇಳಿದ್ದು ನೆನಪಿತ್ತು. ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬರು 1970ರ ಸುಮಾರಿಗೆ ಕ್ಲಾಸ್‌ರೂಮುಗಳಲ್ಲಿ ರೆಕಾರ್ಡ್ ಮಾಡಿ ನೋಡಿದ್ರಂತೆ, ಮೇಷ್ಟ್ರುಗಳು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡ್ ಕಾಯ್ತಾರೆ, ಮೂರು ಸೆಕೆಂಡ್ ಕಾದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಸುಮ್ನಿರೋ ಮಕ್ಕಳೂ ಬಾಯಿ ಬಿಡ್ತಾರೆ. ನಾನು ಮನಸ್ಸಲ್ಲೇ ಎಣಿಸ್ದೆ. ಮೂರು ದಾಟಿತು, ಏಳಾಯ್ತು, ಕೈ ನೀರಿನ ಬಾಟ್ಲಿ ಮುಚ್ಚಳ ತಿರುಗಿಸ್ತಾ ಇತ್ತು, ಏನಾದ್ರೂ ಹೇಳ್ಬಿಡೋಣ ಅನ್ನೋ ತುರಿಕೆ. ಹತ್ತರ ಹತ್ರ ಅವನು "ತೆಗದೇ ಇಲ್ರೀ" ಅಂದ.

ಕೋಡ್ ನೋಡೋಕೆ ಆಕ್ಸೆಸ್ ಸಿಕ್ಕಿ ನಾಲ್ಕು ತಿಂಗಳಾಗಿತ್ತು, ಒಂದು ಸಲಾನೂ ಡೌನ್‌ಲೋಡ್ ಮಾಡ್ಕೊಂಡಿರ್ಲಿಲ್ಲ. ಯಾಕೆ ಅಂತ ಕೇಳ್ಲಿಲ್ಲ, "ಹೂಂ" ಅಂದೆ ಅಷ್ಟೆ. ಹೋದ ವರ್ಷ ಡೆವಲಪರ್‌ಗಳ ಚಾನೆಲ್ಲಲ್ಲಿ ಒಂದು ಡೌಟ್ ಹಾಕಿದ್ನಂತೆ, ಯಾರೋ ಒಂದೇ ಸಾಲಲ್ಲಿ "ಡಾಕ್ಯುಮೆಂಟ್ ಓದಿ" ಅಂದ್ರಂತೆ. ಎಂಬತ್ತು ಜನ ನೋಡೋ ಜಾಗ. "ಆವತ್ತಿಂದ ಅಲ್ಲಿ ಏನೂ ಬರದಿಲ್ರಿ. ಕೋಡ್ ತಗದ್ರ ಡೌಟ್ ಬರ್ತಾವ, ಡೌಟ್ ಬಂದ್ರ ಕೇಳಬೇಕಾಕ್ಕತಿ." ಜಾವಾ ಕೋರ್ಸ್ ಹತ್ತು ಮಾಡಿದ್ರೂ ಇದಕ್ಕೆ ಏನೂ ಆಗ್ತಿರ್ಲಿಲ್ಲ. ನನ್ನ 35 ನಿಮಿಷ ನೆನೆಸ್ಕೊಂಡು ಕಿವಿ ಬಿಸಿ ಆಯ್ತು.

ಆಮೇಲೆ ಕೇಳಿದ್ದು, ನಿನಗೆ ಚೆನ್ನಾಗಿ ಗೊತ್ತಿರೋ, ಅವರಿಗೆ ಗೊತ್ತಿಲ್ದೆ ಇರೋ ಬಗ್ ಯಾವ್ದಾದ್ರೂ ಇದ್ಯಾ. ಮುಖ ಅರಳ್ತು. ಒಂದು ರಿಪೋರ್ಟಲ್ಲಿ ತಾರೀಕು ಒಂದು ದಿನ ಹಿಂದೆ ಬೀಳುತ್ತೆ ಅಂತ ಕೆಲವು ಕಸ್ಟಮರ್‌ಗಳ ದೂರು, ಸಪೋರ್ಟ್‌ನವರು ಪ್ರತಿ ಸಲ ಕೈಯಲ್ಲೇ ತಿದ್ದಿ ಕಳಿಸ್ತಾರೆ. ಇವನು 37 ಟಿಕೆಟ್ ಎಕ್ಸೆಲ್‌ಗೆ ಹಾಕಿ ಇಟ್ಕೊಂಡಿದ್ದ. "ಎಲ್ಲಾ ನೈಟ್ ಶಿಫ್ಟ್ ಇರೂ ಗೋಡೌನ್‌ದವ್ರ ನೋಡ್ರಿ. ನಡುರಾತ್ರಿಯಿಂದ ಬೆಳಗಿನ ಐದೂವರೆ ತನಕ ಅಷ್ಟ. ಐದೂವರೆ ಆದ್ಮ್ಯಾಲೆ ಒಂದೂ ಕಂಪ್ಲೇಂಟ್ ಇಲ್ರಿ."

ಐದೂವರೆ ಅಂದ ಕೂಡ್ಲೇ ನನಗೆ ಗೊತ್ತಾಗೋಯ್ತು. ಸರ್ವರ್ ಗಡಿಯಾರ ಯುಟಿಸಿ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ, ನಮಗೆ ದಿನ ಬದಲಾದ್ರೂ ಅದಕ್ಕಿನ್ನೂ ನಿನ್ನೆ. ನಾಲಿಗೆ ತುದೀಲಿತ್ತು. "ಐದೂವರೆ ಅಂದ್ರೆ ಏನಾದ್ರೂ ನೆನಪಾಗುತ್ತಾ?" ಅಂತ ಕೇಳೋಣ ಅಂದ್ಕೊಂಡೆ, ಆದ್ರೆ ಅದೂ ಮೋಸನೇ, ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಅಂಟಿಸಿದ ಸಲಹೆ ಅದು. "ಈಗ ಏನು ಮಾಡ್ಬೇಕು ಅನ್ಕೊಂಡಿದೀಯ" ಅಂದೆ. ಕೋಡ್ ತೆಗೆದು ಆ ರಿಪೋರ್ಟ್ ಎಲ್ಲಿ ತಾರೀಕು ತಗೊಳತ್ತೆ ಅಂತ ಹುಡುಕ್ತೀನಿ ಅಂದ. ಮೇ 23ಕ್ಕೆ ಬಂದಾಗ ಲ್ಯಾಪ್‌ಟಾಪ್ ಮೊದಲೇ ತೆರೆದಿತ್ತು, ಮೊದಲ ಸಾಲು ಇದ್ದಿದ್ದು, ಎರಡನೇದು ಅವನದ್ದು:

```java
LocalDate today = LocalDate.now();
LocalDate today = LocalDate.now(ZoneId.of("Asia/Kolkata"));
```

"ಸರ್ವರ್ ಇನ್ನಾ ಹಿಂದಿನ ದಿನದಾಗ ಐತ್ರೀ" ಅಂತ ನಕ್ಕ. ನಾನು ಅವತ್ತೇ ಹೇಳಿದ್ರೆ ಎರಡು ವಾರ ಉಳೀತಿತ್ತು ನಿಜ, ಆದ್ರೆ ಆ ನಗು ನನ್ನದಾಗಿರ್ತಿತ್ತು.

ಹಾಗಂತ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತೆ ಅಂತಲ್ಲ. ಬದಲಾವಣೆ ಸೇರಿಸ್ಕೊಳ್ಳಿ ಅಂತ ಕಳಿಸೋ ಪುಲ್ ರಿಕ್ವೆಸ್ಟಲ್ಲಿ ವಿವರಣೆ ಹೆಂಗೆ ಬರೀಬೇಕು, ಟೆಸ್ಟ್ ಇಲ್ದೆ ಕಳಿಸ್ಬಹುದಾ ಅಂತ ಕೇಳ್ದ, ನೇರ ಹೇಳ್ದೆ: ಆ 37 ಟಿಕೆಟ್ ವಿಷಯ ಮೊದಲ ಸಾಲಲ್ಲೇ ಹಾಕು, ಬೆಳಗ್ಗೆ 5:29ಕ್ಕೂ 5:31ಕ್ಕೂ ಒಂದೊಂದು ಟೆಸ್ಟ್ ಬರಿ. ವೈಫೈ ಪಾಸ್‌ವರ್ಡ್ ಕೇಳ್ದವನಿಗೆ "ನಿನಗೇನು ಅನ್ಸುತ್ತೆ" ಅನ್ನೋ ಜಾತಿ ಮೆಂಟರ್‌ಗಳನ್ನ ನಾನೂ ನೋಡಿದೀನಿ.

ಬೇಲಿ ಎರಡನೇ ಸಲ ಅಲ್ಲಾಡಿದ್ದು ಜೂನ್ 6ಕ್ಕೆ. "ಮ್ಯಾನೇಜರ್‌ಗ ನೀವ ಒಂದ್ ಮಾತ್ ಹೇಳ್ರಲ್ಲ" ಅಂದ. ಹೇಳ್ಬಿಡ್ಬಹುದಿತ್ತು, ಆ ಮ್ಯಾನೇಜರ್ ನನಗೆ ಚೆನ್ನಾಗಿ ಪರಿಚಯ. ಏಪ್ರಿಲ್ ಮೇಲ್ ಇತ್ತಲ್ಲ, ಅದನ್ನೇ ತೆಗೆದು ತೋರಿಸ್ದೆ, ಇಬ್ಬರೂ ನಕ್ವಿ. ಅದರ ಬದಲು ನಾನು ಮ್ಯಾನೇಜರ್ ಆಗಿ ಕೂತೆ, ಅವನು ಮಾತಾಡ್ದ. ಮೊದಲ ಸಲ ಎರಡು ನಿಮಿಷ ಬರೀ ಕ್ಷಮೆ ಕೇಳ್ದ. ಮೂರನೇ ಸಲಕ್ಕೆ "ಮುಂದಿನ ಕ್ವಾರ್ಟರ್‌ದಾಗ ವಾರಕ್ಕ ಒಂದ್ ದಿನ ಡೆವ್ ಟೀಮ್ ಕೆಲಸ ಮಾಡ್ತೀನ್ರಿ" ಅನ್ನೋ ಅಳತೆ ಇರೋ ಬೇಡಿಕೆಗೆ ಬಂದ. ಅವತ್ತು ಎದ್ದು ಹೋಗೋವಾಗ "ಇನ್ನೊಂದೇ ಭೇಟಿ" ಅಂತ ನೆನಪಿಸ್ದೆ, ಕೊನೇ ದಿನ ದಿಢೀರಂತ ಹೇಳ್ಬಾರ್ದು ಅಂತ.

ಕ್ಯಾಥಿ ಕ್ರಾಮ್ ಅನ್ನೋರು 1983ರಲ್ಲಿ ಆಫೀಸು ಮೆಂಟರ್ ಸಂಬಂಧಗಳನ್ನ ನಾಲ್ಕು ಹಂತ ಅಂತ ವಿಂಗಡಿಸಿದ್ರು, ಶುರು, ಬೆಳವಣಿಗೆ, ಬೇರೆ ಆಗೋದು, ಆಮೇಲೆ ಹೊಸ ರೂಪ. ಮೂರನೇದನ್ನ ನಾವು ಮಾಡೋದೇ ಇಲ್ಲ ಅನ್ಸುತ್ತೆ. ಮೀಟಿಂಗ್ ಮುಂದೂಡ್ತಾ ಮುಂದೂಡ್ತಾ ತಾನಾಗೇ ಸತ್ತೋಗುತ್ತೆ, ಆಮೇಲೆ ಲಿಫ್ಟಲ್ಲಿ ಸಿಕ್ಕಿದ್ರೆ ಇಬ್ಬರಿಗೂ ಮುಜುಗರ.

ನಿನ್ನೆ ಅದನ್ನೇ ಮಾಡಿದ್ವಿ. ಏಪ್ರಿಲ್ ಮೇಲ್ ಓದಿದ್ವಿ. ಬಗ್ ಜೂನ್ 12ಕ್ಕೆ ಮರ್ಜ್ ಆಗಿದೆ, ಒಂಬತ್ತು ರಿವ್ಯೂ ಕಾಮೆಂಟು, ಒಂಬತ್ತಕ್ಕೂ ಅವನೇ ಉತ್ತರ ಕೊಟ್ಟಿದಾನೆ. ಮ್ಯಾನೇಜರ್ ಹತ್ರ ಮಾತಾಡಿದಾನೆ, "ನೋಡೋಣ" ಅಂದಿದಾರೆ, ಅಷ್ಟೇ, ಟೀಮ್ ಬದಲಾಗಿಲ್ಲ. ನನ್ನಿಂದ ಉಪಯೋಗ ಆಗ್ದೇ ಇದ್ದಿದ್ದು ಏನು ಅಂತ ಕೇಳಿ ಮತ್ತೆ ಎಣಿಸೋಕೆ ಶುರು ಮಾಡ್ದೆ. "ಆ ಕೋರ್ಸ್ ಲಿಸ್ಟ್ ರೀ. ಒಂದ್ ವಾರ ನಿದ್ದಿ ಬರ್ಲಿಲ್ಲ." ಸರಿ.

ಇನ್ನೂ ಮೂರು ತಿಂಗಳು ಮುಂದುವರ್ಸೋಣ್ರೀ ಅಂದ. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ, ಶುಕ್ರವಾರ ನಾಲ್ಕು ಗಂಟೆ ನನಗೂ ಇಷ್ಟ ಆಗ್ಬಿಟ್ಟಿತ್ತು. ಇನ್ಮೇಲೆ ನಿನ್ನ ಡೌಟು ಯಾರನ್ನ ಕೇಳ್ತೀಯ ಅಂದೆ. ರಿವ್ಯೂ ಮಾಡಿದ ಹುಡುಗಿ ಹೆಸರು ಹೇಳ್ದ, ಆಮೇಲೆ ಚಾನೆಲ್ಲು ಅಂದ, ಸ್ವಲ್ಪ ತಡೆದು. ಹಂಗಾದ್ರೆ ನಾನ್ಯಾಕೆ? ಟೀಮ್ ಬದಲಾದ್ರೂ ಆಗ್ದಿದ್ರೂ ಸೆಪ್ಟೆಂಬರಲ್ಲಿ ಒಂದು ಮೆಸೇಜ್ ಹಾಕು, ಕಾಫಿಗೆ ಹೋಗೋಣ, ಅಜೆಂಡಾ ಇಲ್ದೆ ಅಂದೆ. ಅವನೆದುರಿಗೇ ಕ್ಯಾಲೆಂಡರ್ ತೆಗೆದು ಆ ಶುಕ್ರವಾರದ ಎಂಟ್ರಿ ಅಳಿಸಿದೆ, ಅವನ ಫೋನ್ ಟಿಣ್ ಅಂತು.

"ಕ್ಯಾನ್ಸಲ್ ಆತ್ರಿ ಮೇಡಂ" ಅಂದ ನೋಡ್ಕೊಂಡು. ಮೇಡಂ ಅಲ್ಲ ಮಾರಾಯ, ಅಂದೆ. "ಹೌದ್ರೀ ಮೇಡಂ."