ಮಾರ್ಚ್ 18, 2025, ಮಂಗಳವಾರ: ಬ್ಯಾಂಕಿಗೆ ಬರೆದ ಪತ್ರ

ಇವತ್ತು ಬೆಳಗ್ಗೆ ಕೂತು ಬ್ಯಾಂಕಿಗೆ ಪತ್ರ ಬರೆದೆ, ಮೂರು ಸಲ ಹರಿದು ಹಾಕಿ. ಭಾನುವಾರ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ನೋಡ್ದಾಗ ನಂಗೆ ಗೊತ್ತೇ ಇಲ್ದಿರೋ ಒಂದು ಹೆಸರಲ್ಲಿ ದುಡ್ಡು ಹೋಗಿತ್ತು. ಆಗ್ಲೇ 7:40ಕ್ಕೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸ್ದೆ, ಕಂಪ್ಲೇಂಟ್ ನಂಬರ್ ಬರ್ಕೊಂಡೆ. ಆದ್ರೆ ಪತ್ರ ಬರೆಯೋಕೆ ಮುಂಚೆ ಮನೆಯವಳನ್ನ ಕೇಳ್ದೆ, ಹಳೇ ಸಬ್‌ಸ್ಕ್ರಿಪ್ಷನ್ನುಗಳನ್ನೂ ಚೆಕ್ ಮಾಡ್ದೆ, ಯಾಕಂದ್ರೆ ಎಷ್ಟೋ ಸಲ ಅಂಗಡಿ ಹೆಸರೇ ಬೇರೆ, ಬಿಲ್ಲಲ್ಲಿ ಬರೋ ಕಂಪನಿ ಹೆಸರೇ ಬೇರೆ ಇರುತ್ತೆ, ಆಮೇಲೆ ನಮ್ಮದೇ ಖರ್ಚು ಅಂತ ಗೊತ್ತಾದ್ರೆ ನಾವೇ ಸುಳ್ಳು ದೂರು ಕೊಟ್ಟ ಹಾಗಾಗುತ್ತೆ. ಯಾರೂ ಮಾಡಿರ್ಲಿಲ್ಲ.

ಮೊದಲ ಸಲ "ಸುಮಾರು ಆರೂವರೆ ಸಾವಿರ ಹೋಗಿದೆ" ಅಂತ ಬರೆದಿದ್ದೆ. ಅದು ತಪ್ಪು. ಬ್ಯಾಂಕಿನವರು ಒಂದೊಂದು ಟ್ರಾನ್ಸಾಕ್ಷನ್ನನ್ನೂ ಬೇರೆ ಬೇರೆ ಹುಡುಕ್ತಾರೆ, ಒಟ್ಟು ಮೊತ್ತ ಅವರ ದಾಖಲೆಯಲ್ಲಿ ಎಲ್ಲೂ ಇರಲ್ಲ. ಕೊನೆಗೆ ಹೀಗೆ ಬರೆದೆ:

"ಕೊನೆಯ ನಾಲ್ಕು ಅಂಕಿ 5172 ಇರುವ ನನ್ನ ಕಾರ್ಡಿನಲ್ಲಿ ಕೆಳಗಿನ ವಹಿವಾಟುಗಳನ್ನು ನಾನು ಮಾಡಿಲ್ಲ, ಯಾರಿಗೂ ಅನುಮತಿ ಕೊಟ್ಟಿಲ್ಲ. ಮಾರ್ಚ್ 12ರಂದು 49.00. ಮಾರ್ಚ್ 13ರಂದು 6,480.00, ಖಾತೆಯಲ್ಲಿ ನಮೂದಾಗಿದ್ದು ಮಾರ್ಚ್ 15. ಅದೇ ವಹಿವಾಟಿನ ಮೇಲೆ ವಿದೇಶಿ ಕರೆನ್ಸಿ ಶುಲ್ಕ 226.80. ಒಟ್ಟು 6,755.80. ಕಾರ್ಡ್ ಈ ಅವಧಿಯಲ್ಲಿ ನನ್ನ ಬಳಿಯೇ ಇತ್ತು. ಒಟಿಪಿ ಯಾರಿಗೂ ಹೇಳಿಲ್ಲ. ಮಾರ್ಚ್ 16ರ ಬೆಳಗ್ಗೆ 7:40ಕ್ಕೆ ಫೋನಿನಲ್ಲಿ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿದ್ದೇನೆ."

ಆ 49 ಯಾಕೆ ಅಂತ ನನ್ನ ತಮ್ಮ ಕೇಳ್ದ, ಬಿಟ್ಬಿಡು ಅಂದ. ಬಿಡಬಾರ್ದು. ಕದ್ದ ಕಾರ್ಡ್ ನಂಬರ್ ನಡೀತಿದ್ಯಾ ಅಂತ ನೋಡೋಕೆ ಕಳ್ಳರು ಮೊದ್ಲು ಸಣ್ಣ ಮೊತ್ತ ಎಳೀತಾರೆ, ಅದನ್ನ ನಾನು ಸುಮ್ನೆ ಒಪ್ಕೊಂಡ್ರೆ ಅದೇ ಅಂಗಡಿಯ ಜೊತೆ ನಂಗೆ ವ್ಯವಹಾರ ಇತ್ತು ಅನ್ನೋ ಹಾಗೆ ಕಾಣುತ್ತೆ, ದೊಡ್ಡ ಮೊತ್ತದ ಕೇಸೇ ಸಡಿಲ ಆಗುತ್ತೆ. ಆ ಶುಲ್ಕವೂ ಅಷ್ಟೇ, ಬೇರೆ ಸಾಲಲ್ಲಿ ಕೂತಿರುತ್ತೆ, ಹೆಸರಿಟ್ಟು ಕೇಳದಿದ್ರೆ ವಾಪಸ್ ಬರದೇ ಉಳಿದುಬಿಡಬಹುದು.

ಎರಡು ತಾರೀಕು ಹಾಕಿದ್ದೂ ಬೇಕಂತ್ಲೇ. ಕಾರ್ಡ್ ಬಳಸಿದ ದಿನ ಒಂದು, ಖಾತೆಯಲ್ಲಿ ನಮೂದಾಗೋ ದಿನ ಇನ್ನೊಂದು, ಬರೀ ಒಂದನ್ನ ಕೊಟ್ರೆ ಹುಡುಕೋರು ಪಕ್ಕದ ಸಾಲಿಗೆ ಹೋಗ್ಬಹುದು. "ವಂಚನೆ ಆಗಿದೆ, ಇವರೇ ಮಾಡಿದ್ದಾರೆ" ಅಂತೆಲ್ಲ ಎರಡನೇ ಡ್ರಾಫ್ಟಲ್ಲಿ ಸಿಟ್ಟಲ್ಲಿ ಬರೆದಿದ್ದನ್ನ ಪೂರ್ತಿ ಹೊಡೆದುಹಾಕ್ದೆ, ಯಾರು ಮಾಡಿದ್ರು ಅಂತ ನಂಗೆ ಗೊತ್ತಿಲ್ಲ, ನಾನು ಮಾಡಿಲ್ಲ ಅನ್ನೋದು ಮಾತ್ರ ಗೊತ್ತು. ಪೂರ್ತಿ ಕಾರ್ಡ್ ನಂಬರ್, ಸಿವಿವಿ ಎಲ್ಲೂ ಬರೀಲಿಲ್ಲ, ಬ್ಯಾಂಕಿಗೇ ಹೋಗೋ ಪತ್ರ ಆದ್ರೂ ಸರಿ.

ಕೊನೇ ಸಾಲಲ್ಲಿ ಕೇಳಿದ್ದು ಇಷ್ಟೇ: ಮೂರೂ ಮೊತ್ತ ವಾಪಸ್ ಹಾಕಿ, ತನಿಖೆ ಮುಗಿಯೋವರೆಗೆ ಅದರ ಮೇಲೆ ಬಡ್ಡಿ, ಲೇಟ್ ಫೀ ಹಾಕ್ಬೇಡಿ, ಉತ್ತರ ಬರವಣಿಗೆಯಲ್ಲಿ ಕೊಡಿ. ಸ್ಟೇಟ್‌ಮೆಂಟಿನ ಆ ಪುಟ ಲಗತ್ತಿಸಿ 11:20ಕ್ಕೆ ಕಳಿಸ್ದೆ, ತಲುಪಿದ ರಸೀದಿ ಬಂತು, ಕಂಪ್ಲೇಂಟ್ ನಂಬರ್ ಪಕ್ಕದಲ್ಲೇ ಬರೆದಿಟ್ಟಿದ್ದೀನಿ.