ಯಗಚಿಯೋ ಹೇಮಾವತಿಯೋ

ಹಾಸನದ ನಮ್ಮ ಶಾಲೆಯಲ್ಲಿ ಅಂದು ಆರು ಪ್ರೌಢಶಾಲೆಗಳ ರಸಪ್ರಶ್ನೆ. ಪ್ರಶ್ನೆ ಬರೆದವನೂ ಕೇಳಿದವನೂ ನಾನೇ. ಹಾಗಾಗಿ ಎಡವಟ್ಟಿನ ಹೊಣೆಯೂ ನನ್ನದೇ.

ಮೊದಲ ಸುತ್ತು ಸರದಿಯದು. ಸರಿ ಉತ್ತರಕ್ಕೆ ಹತ್ತು ಅಂಕ, ತಪ್ಪಿದರೆ ಮುಂದಿನ ತಂಡಕ್ಕೆ ಐದರ ಅವಕಾಶ. ಕುವೆಂಪು ಹುಟ್ಟಿದ ಊರು ಯಾವುದೆಂದರೆ ಒಂದು ತಂಡ ಥಟ್ಟನೆ ಕುಪ್ಪಳಿ ಎಂದಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಎಂದ ಪಕ್ಕದವರಿಗೆ ಐದು ಅಂಕ. ಎರಡನೆಯದು ಸುಳಿವಿನ ಸುತ್ತು. ‘ಬೇಲೂರು ತಾಲ್ಲೂಕಿನ ಹಳ್ಳಿ’ ಎಂಬ ಮೊದಲ ಸುಳಿವಿಗೇ ಹಲ್ಮಿಡಿ ಎಂದರೆ ಹದಿನೈದು, ‘ಇಲ್ಲಿ ಸಿಕ್ಕ ಶಾಸನ ಪ್ರಸಿದ್ಧ’ ಎಂಬುದಕ್ಕೂ ಕಾದರೆ ಹತ್ತು.

ಕೊನೆಯದು ಬಜರ್. ವಿಜ್ಞಾನ ಮೇಷ್ಟ್ರು ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ಮೊದಲು ಒತ್ತಿದವರ ದೀಪ ಹತ್ತಿದರೆ ಉಳಿದವು ಹತ್ತುವುದಿಲ್ಲ. ದೀಪ ಕಂಡ ಕೂಡಲೇ ನಾನು ಓದು ನಿಲ್ಲಿಸಬೇಕು, ಐದು ಸೆಕೆಂಡಿನಲ್ಲಿ ಉತ್ತರ ಬರಬೇಕು. ತಪ್ಪಾದರೆ ಐದು ಅಂಕ ಕಡಿತ. ಆಮೇಲೆ ಉಳಿದವರಿಗೆ ಪ್ರಶ್ನೆ ಪೂರ್ತಿ ಓದುವುದು.

‘ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟಿ ಹಾಸನ ಜಿಲ್ಲೆಗೆ ಹರಿದು ಬರುವ’ ಎನ್ನುವಷ್ಟರಲ್ಲಿ ಮೂರನೇ ತಂಡದ ದೀಪ ಹತ್ತಿತು. ‘ಯಗಚಿ’ ಎಂದ ಹುಡುಗ. ನನ್ನ ಹಾಳೆಯಲ್ಲಿದ್ದದ್ದು ಹೇಮಾವತಿ. ‘ಗೊರೂರಿನಲ್ಲಿ ಅಣೆಕಟ್ಟು ಇರುವ ನದಿ ಯಾವುದು’ ಎಂಬುದು ನನ್ನ ಬಾಯಲ್ಲೇ ಉಳಿದಿತ್ತು. ತಪ್ಪು ಎಂದು ಅಂಕ ಕಳೆದೆ.

‘ಸರ್, ನೀವು ಓದಿದಷ್ಟಕ್ಕೆ ನನ್ನ ಉತ್ತರ ಸರಿಯಲ್ಲವೇ?’

ಸರಿಯೇ. ಯಗಚಿಯೂ ಅಲ್ಲೇ ಹುಟ್ಟಿ ಬೇಲೂರಿಗೆ ಬರುತ್ತದೆ. ಬೇಗ ಒತ್ತುವವನು ಪೂರ್ತಿ ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ಬಜರ್ ಪ್ರಶ್ನೆಯ ಮೊದಲ ತುಂಡೇ ಒಂದೇ ಉತ್ತರಕ್ಕೆ ಕಟ್ಟಿಹಾಕಬೇಕು, ಸುಲಭದ ಸುಳಿವು ಕೊನೆಗೆ ಬರಬೇಕು. ‘ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ’ ಎಂದು ಶುರು ಮಾಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಹತ್ತು ಕೊಡಲೂ ಮನಸ್ಸಾಗಲಿಲ್ಲ, ಐದು ಕಳೆಯಲೂ ಮುಖವಿರಲಿಲ್ಲ. ಪ್ರಶ್ನೆಯನ್ನೇ ರದ್ದು ಮಾಡಿ ಮೀಸಲು ಪಟ್ಟಿಯಿಂದ ಬೇರೊಂದು ತೆಗೆದೆ. ಉಳಿದ ಹಾಳೆಗಳ ಮೇಲೆ ಕಣ್ಣಾಡಿಸಿದರೆ ಇಂಥವು ಇನ್ನೆರಡು ಸಿಕ್ಕವು. ಮಡಚಿ ಜೇಬಿಗೆ ಹಾಕಿಕೊಂಡೆ.

ರದ್ದಾದ ಆ ಐದು ಅಂಕದಿಂದಲೇ ಕೊನೆಗೆ ಎರಡು ತಂಡಗಳು ಸಮನಾದವು. ಎದುರಾಳಿ ತಂಡದ ಮೇಷ್ಟ್ರ ಮುಖ ಗಂಟಿಕ್ಕಿತು. ಟೈ ಬಿಡಿಸಲು ಅಂಕಿಯ ಪ್ರಶ್ನೆ: ಇಪ್ಪತ್ತು ಸೆಕೆಂಡಿನಲ್ಲಿ ಸ್ಲೇಟಿನ ಮೇಲೆ ಬರೆಯಬೇಕು, ಹತ್ತಿರದ ಸಂಖ್ಯೆಗೆ ಗೆಲುವು. ಮುಳ್ಳಯ್ಯನಗಿರಿಯ ಎತ್ತರ ಕೇಳಬೇಕೆಂದಿದ್ದೆ. ಒಂದೊಂದು ಪುಸ್ತಕ ಒಂದೊಂದು ಹೇಳುವುದರಿಂದ ಕೈಬಿಟ್ಟಿದ್ದೆ. ಬೇಲೂರು ಚೆನ್ನಕೇಶವನ ಪ್ರತಿಷ್ಠೆಯಾದ ಎಷ್ಟು ವರ್ಷಕ್ಕೆ ಯುನೆಸ್ಕೊ ಪಟ್ಟಿಗೆ ಹೊಯ್ಸಳ ದೇವಾಲಯಗಳು ಸೇರಿದವು ಎಂದು ಕೇಳಿದೆ. 2023ರಲ್ಲಿ 1117 ಕಳೆದರೆ 906. ಒಂದು ಸ್ಲೇಟಿನಲ್ಲಿ 900, ಯಗಚಿ ಹುಡುಗನದರಲ್ಲಿ 910. ಎರಡೇ ವರ್ಷದ ಅಂತರದಲ್ಲಿ ಅವನ ತಂಡ ಗೆದ್ದಿತು.

ಹೊರಡುವಾಗ ಎದುರಾಳಿ ಮೇಷ್ಟ್ರು ಬಾಗಿಲ ಬಳಿ ನಿಂತು ಹೇಳಿದರು: ‘ಬಿಡಿ ಸರ್, ಯಗಚಿ ಹೋಗಿ ಸೇರುವುದೂ ಹೇಮಾವತಿಯನ್ನೇ ಅಲ್ಲವೇ?’